ಪ್ಲೇ ಸ್ಟೋರಿನಿಂದ ಆ್ಯಪ್ ಹೋಯ್ತು, ಆಮೇಲೆ ಮುಚ್ಚೇ ಹೋಯ್ತು: ಆರು ತಿಂಗಳಲ್ಲಿ ನಾನು ಕಟ್ಟಿದ್ದು, ಕಳೆದುಕೊಂಡಿದ್ದು, ವಾಪಸ್ ಪಡೆದಿದ್ದು

ಮೊನ್ನೆ ಬ್ಯಾಂಕಿನಿಂದ ಮೆಸೇಜ್ ಬಂತು. ಖಾತೆಗೆ 1,000 ರೂಪಾಯಿ ಜಮಾ. ಮೊತ್ತ ದೊಡ್ಡದಲ್ಲ. ಆದರೆ ಜೂನ್‌ನಿಂದ ನವೆಂಬರ್‌ವರೆಗೆ ಇದರ ಹಿಂದೆ ಓಡಾಡಿದ್ದೇನೆ. ಎಲ್ಲಿ ಏನು ಕೇಳಬೇಕು ಅಂತ ಹೇಳುವವರು ಯಾರೂ ಸಿಗಲಿಲ್ಲ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಮ್ಮದು ದಾವಣಗೆರೆ. ಮಗಳು ನಾಲ್ಕು ವರ್ಷದಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಮನೆಯಲ್ಲಿ ಅಭ್ಯಾಸಕ್ಕೆ ಒಂದು ಆ್ಯಪ್ ಬಳಸುತ್ತಿದ್ದಳು. ಅದರ ಹೆಸರು ಇಲ್ಲಿ ಬೇಡ. ಅದಕ್ಕೆ ನಾವು ಮೂರು ಸಲ ಮೂರು ರೀತಿ ದುಡ್ಡು ಕಟ್ಟಿದ್ದೆವು. ತಂಬೂರದ ಪೂರ್ತಿ ಶ್ರುತಿಗಳು ಸಿಗಲಿ ಅಂತ 2023ರಲ್ಲಿ ಒಂದೇ ಸಲಕ್ಕೆ 349 ರೂಪಾಯಿ. ಪಾಠಗಳ ವಿಡಿಯೋಗೆ ತಿಂಗಳಿಗೆ 149 ರೂಪಾಯಿ, ಪ್ರತಿ 18ನೇ ತಾರೀಕು ತಾನಾಗಿ ಕಟ್ ಆಗುತ್ತಿತ್ತು. ಇವೆರಡೂ ಗೂಗಲ್ ಪ್ಲೇ ಮೂಲಕ. ಮೂರನೆಯದು ವಾರಕ್ಕೊಂದು ಆನ್‌ಲೈನ್ ಕ್ಲಾಸಿನ ವರ್ಷದ ಪ್ಲಾನ್, 2,400 ರೂಪಾಯಿ. ಅದನ್ನು ಫೆಬ್ರವರಿ 10ಕ್ಕೆ ಕಂಪನಿಯ ವೆಬ್‌ಸೈಟಿನಲ್ಲಿ ನನ್ನ ಡೆಬಿಟ್ ಕಾರ್ಡಿನಿಂದ ಕಟ್ಟಿದೆ. ಅಲ್ಲಿ ಕಟ್ಟಿದರೆ ಇನ್ನೂರು ರೂಪಾಯಿ ಕಡಿಮೆ ಇತ್ತು, ಅದಕ್ಕೇ.

ಆಗ ನನಗೆ ಇವು ಮೂರೂ ಒಂದೇ ಅಂಗಡಿಗೆ ಕೊಟ್ಟ ದುಡ್ಡು. ಹಾಗಲ್ಲ ಅಂತ ಗೊತ್ತಾಗಿದ್ದು ಅಂಗಡಿ ಬಾಗಿಲು ಹಾಕಿದ ಮೇಲೆ.

ಜೂನ್ ಮೊದಲ ವಾರ ಹೊಸ ಫೋನ್ ತೆಗೆದುಕೊಂಡೆ. ಪ್ಲೇ ಸ್ಟೋರಿನಲ್ಲಿ ಆ್ಯಪ್ ಹುಡುಕಿದೆ, ಸಿಗಲಿಲ್ಲ. ಹೆಸರು ತಪ್ಪಿರಬಹುದು ಅಂತ ನಾಲ್ಕು ರೀತಿ ಬರೆದು ನೋಡಿದೆ. ಅದೇ ತರಹದ ಬೇರೆ ಆ್ಯಪ್‌ಗಳು ಬಂದವು, ನಮ್ಮದು ಬರಲಿಲ್ಲ. ಹಳೇ ಫೋನ್ ತೆರೆದು ನೋಡಿದರೆ ಅಲ್ಲಿ ಎಲ್ಲವೂ ಎಂದಿನಂತೆ ನಡೆಯುತ್ತಿದೆ. ತಂಬೂರ ನುಡಿಯುತ್ತಿದೆ, ಪಾಠ ಓಡುತ್ತಿದೆ. ಇದೇನು ವಿಚಿತ್ರ ಅನಿಸಿತು. ದುಡ್ಡು ಮುಳುಗಿತು ಅಂತ ಭಯವೂ ಆಯಿತು.

ತಮ್ಮನಿಗೆ ಫೋನ್ ಮಾಡಿದೆ. ಅವನು ಮೊದಲು ಹೇಳಿದ್ದು, "ಅಕ್ಕಾ, ಹಳೇ ಫೋನಿಂದ ಮಾತ್ರ ಅದನ್ನ ಅನ್‌ಇನ್‌ಸ್ಟಾಲ್ ಮಾಡಬೇಡ. ಹಾಗೇ ಇಡು." ಆಮೇಲೆ ಬಿಡಿಸಿ ಹೇಳಿದ. ಆ್ಯಪ್ ಸ್ಟೋರಿನಲ್ಲಿ ಕಾಣದಿರುವುದಕ್ಕೆ ಮುಖ್ಯವಾಗಿ ಎರಡು ಕಾರಣ ಇರುತ್ತವೆ. ಕಂಪನಿಯೇ ಅದನ್ನು ಹಿಂದಕ್ಕೆ ತೆಗೆದುಕೊಂಡಿರಬಹುದು. ಆಗ ಹೊಸಬರಿಗೆ ಅದು ಸಿಗುವುದಿಲ್ಲ, ಆದರೆ ಮೊದಲೇ ಹಾಕಿಕೊಂಡವರಿಗೆ ನಡೆಯುತ್ತದೆ, ಮತ್ತೆ ಇಳಿಸಿಕೊಳ್ಳಲೂ ಬರುತ್ತದೆ. ಇಲ್ಲವೇ ಗೂಗಲ್ಲೇ ತೆಗೆದುಹಾಕಿರಬಹುದು. ಆಗ ಮುಂದಿನ ಕಂತುಗಳು ರದ್ದಾಗುತ್ತವೆ, ಆದರೆ ಹಿಂದೆ ಕಟ್ಟಿದ್ದು ವಾಪಸ್ ಬರುವುದಿಲ್ಲ ಅಂತ ಗೂಗಲ್‌ನ ಸಹಾಯ ಪುಟದಲ್ಲೇ ಬರೆದಿದೆ.

ತೆಗೆದಿದ್ದು ಮತ್ತೆ ಬರುವುದೂ ಉಂಟು. 2024ರ ಮಾರ್ಚ್ 1ರಂದು ಶುಲ್ಕದ ಜಗಳದಲ್ಲಿ ಗೂಗಲ್ ಹಲವು ಭಾರತೀಯ ಕಂಪನಿಗಳ ಆ್ಯಪ್‌ಗಳನ್ನು ಪ್ಲೇ ಸ್ಟೋರಿನಿಂದ ತೆಗೆದಿತ್ತು. ವಧು-ವರರನ್ನು ಹುಡುಕುವ ದೊಡ್ಡ ಆ್ಯಪ್‌ಗಳೂ ಅದರಲ್ಲಿದ್ದವು. ಕೆಲವೇ ದಿನಗಳಲ್ಲಿ ವಾಪಸ್ ಬಂದವು. ಅಷ್ಟರೊಳಗೆ ಗಾಬರಿಯಾಗಿ ಅಳಿಸಿದ್ದವರು ಸುಮ್ನೆ ತೊಂದರೆಪಟ್ಟರು ಅಂತ ತಮ್ಮ ಹೇಳಿದ.

ನಮ್ಮದು ಯಾವ ಬಗೆ ಅಂತ ತಿಳಿಯಲು ಅವನು ಎರಡು ಜಾಗ ನೋಡಲು ಹೇಳಿದ. ಒಂದು, ಪ್ಲೇ ಸ್ಟೋರಿನಲ್ಲಿ ನಮ್ಮ ಚಿತ್ರದ ಮೇಲೆ ಒತ್ತಿ Payments & subscriptions, ಅದರೊಳಗೆ Subscriptions. ಹಳೇ ಫೋನಿನಲ್ಲಿ ನೋಡಿದೆ, ನಮ್ಮ ಪಾಠದ ಚಂದಾ ಅಲ್ಲಿ ಜೀವಂತವಾಗಿತ್ತು. ಮುಂದಿನ ಕಂತು ಜೂನ್ 18 ಅಂತ ತೋರಿಸುತ್ತಿತ್ತು. ಅಂದರೆ ರದ್ದಾಗಿಲ್ಲ, ಕಂಪನಿಯೇ ಆ್ಯಪ್ ಹಿಂದಕ್ಕೆ ಪಡೆದಿರಬೇಕು. ಎರಡನೆಯದು Manage apps & device, ಅದರಲ್ಲಿ Manage, ಅಲ್ಲಿ Not installed ಪಟ್ಟಿ. ನಾವು ಹಿಂದೆ ಯಾವಾಗಲೋ ಹಾಕಿದ್ದ ಆ್ಯಪ್‌ಗಳೆಲ್ಲ ಅಲ್ಲಿರುತ್ತವೆ.

ಹೊಸ ಫೋನಿನಲ್ಲಿ ಆ ಪಟ್ಟಿ ತೆರೆದರೆ ಅಲ್ಲೂ ನಮ್ಮ ಆ್ಯಪ್ ಇರಲಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಗೊತ್ತಾಯಿತು. ಹೊಸ ಫೋನಿಗೆ ನಾನು ಆಫೀಸಿನ ಜಿಮೇಲ್ ಹಾಕಿದ್ದೆ. ಪ್ಲೇಯಲ್ಲಿ ಕೊಂಡಿದ್ದು ಅಂಟಿಕೊಳ್ಳುವುದು ಜಿಮೇಲ್‌ಗೆ. ಫೋನಿಗೂ ಅಲ್ಲ, ಸಿಮ್ಮಿಗೂ ಅಲ್ಲ. ಹಳೇ ಜಿಮೇಲ್ ಸೇರಿಸಿದ ತಕ್ಷಣ ಪಟ್ಟಿಯಲ್ಲಿ ಆ್ಯಪ್ ಬಂತು, ಇಳಿಯಿತು. ತಂಬೂರದ ಶ್ರುತಿಗಳಿಗೆ ಮಾತ್ರ ಬೀಗ ಬಿದ್ದಿತ್ತು. ಸೆಟ್ಟಿಂಗ್ಸ್‌ನಲ್ಲಿ Restore purchases ಒತ್ತಿದ ಮೇಲೆ ತೆರೆಯಿತು. ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ಆ ನೆಮ್ಮದಿ ತಪ್ಪಾಗಿತ್ತು. ಜೂನ್ ಪೂರ್ತಿ ಹೊಸ ಪಾಠ ಒಂದೂ ಬರಲಿಲ್ಲ. ಜೂನ್ 18ಕ್ಕೆ 149 ರೂಪಾಯಿ ಹೋಯಿತು. ಜುಲೈನಲ್ಲಿ ಆನ್‌ಲೈನ್ ಕ್ಲಾಸ್ ಒಂದು ವಾರ ಬಿಟ್ಟು ಒಂದು ವಾರ ಆಯಿತು. ಜುಲೈ 17ಕ್ಕೆ ಮೆಸೇಜ್ ಬಂತು, ನಾಳೆ 149 ರೂಪಾಯಿ ಕಡಿತವಾಗಲಿದೆ ಅಂತ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹೀಗೆ ತಾನಾಗಿ ಕಟ್ ಆಗುವ ಹಣಕ್ಕೆ 24 ಗಂಟೆ ಮೊದಲು ತಿಳಿಸಬೇಕು. ಆ ಮೆಸೇಜ್ ಬಂದಿದ್ದು ಆಫೀಸಿನ ಕೆಲಸದ ನಡುವೆ. ನೋಡಿ ಬಿಟ್ಟುಬಿಟ್ಟೆ. ನಾನು ಮಾಡಿದ ಮೊದಲ ತಪ್ಪು ಅದು. ಸ್ಟೋರಿನಲ್ಲೇ ಇಲ್ಲದ ಆ್ಯಪ್ ದುಡ್ಡು ತೆಗೆದುಕೊಳ್ಳುತ್ತಿದೆ ಅಂದರೆ ಅವತ್ತೇ ನಿಲ್ಲಿಸಬೇಕಿತ್ತು.

ಜುಲೈ 19ರ ಸಂಜೆ ಕೂತು ನೋಡಿದೆ. ಪ್ಲೇಯಲ್ಲಿ ಕೊಂಡಿದ್ದಕ್ಕೆ 48 ಗಂಟೆಯೊಳಗೆ ಗೂಗಲ್‌ಗೇ ರೀಫಂಡ್ ಕೇಳಬಹುದು. ಅದು ದಾಟಿದರೆ ಸಾಮಾನ್ಯವಾಗಿ ಆ್ಯಪ್ ಮಾಡಿದವರನ್ನೇ ಕೇಳಿ ಅನ್ನುತ್ತಾರೆ. ನನಗೆ ಇನ್ನೂ ಸ್ವಲ್ಪ ಸಮಯ ಉಳಿದಿತ್ತು. ಕಂಪ್ಯೂಟರಿನಲ್ಲಿ play.google.com ತೆರೆದು, ಆರ್ಡರ್ ಪಟ್ಟಿಯಲ್ಲಿ ಆ ಕಂತಿನ ಪಕ್ಕ Report a problem ಒತ್ತಿ, ನಡೆದಿದ್ದನ್ನು ಮೂರು ಸಾಲಿನಲ್ಲಿ ಬರೆದೆ. ಆ್ಯಪ್ ಸ್ಟೋರಿನಲ್ಲಿಲ್ಲ, ಜೂನ್‌ನಿಂದ ಹೊಸ ಪಾಠ ಬಂದಿಲ್ಲ, ಕಂಪನಿ ಉತ್ತರಿಸುತ್ತಿಲ್ಲ. ಎರಡು ದಿನಕ್ಕೆ ಒಪ್ಪಿಗೆಯ ಮೇಲ್ ಬಂತು. ಜುಲೈನ 149 ವಾಪಸ್ ಬಂತು. ಜೂನಿನದ್ದಕ್ಕೂ ಕೇಳಿದೆ, ಸಮಯ ದಾಟಿದೆ ಅಂತ ಆಗಲಿಲ್ಲ.

ಅದೇ ದಿನ ಚಂದಾ ರದ್ದು ಮಾಡಿದೆ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ದುಡ್ಡು ಹೋಗುತ್ತಲೇ ಇರುತ್ತದೆ. ಕೆಲವರು ನೇರವಾಗಿ ಯುಪಿಐ ಆ್ಯಪ್‌ಗೆ ಹೋಗಿ ಆಟೋಪೇ ನಿಲ್ಲಿಸುತ್ತಾರೆ. ನಾನೂ ಹಾಗೇ ಮಾಡಲು ಹೊರಟಿದ್ದೆ, ತಮ್ಮ ತಡೆದ. ಹಾಗೆ ಮಾಡಿದರೆ ಪ್ಲೇ ಕಡೆ ಅದು ರದ್ದಾದ ಚಂದಾ ಅಲ್ಲ, ಹಣ ಬರದೆ ನಿಂತ ಚಂದಾ. ಮುಂದೆಂದೋ ಬೇರೆ ಕಾರ್ಡ್ ಹಾಕಿದರೆ ಮತ್ತೆ ಶುರುವಾಗುವ ಸಾಧ್ಯತೆ ಇದೆ. ಹಾಗಾಗಿ ಮೊದಲು ಪ್ಲೇಯಲ್ಲಿ Cancel subscription ಒತ್ತಿ ದೃಢಪಡಿಸುವ ಮೇಲ್ ಬರುವವರೆಗೆ ಕಾದೆ. ಆಮೇಲೆ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿ ತೆರೆದು ತಾನಾಗಿ ಹಣ ತೆಗೆಯಲು ಕೊಟ್ಟಿದ್ದ ಆ ಒಪ್ಪಿಗೆ ಹೋಗಿದೆಯಾ ಅಂತ ನೋಡಿದೆ. ಎರಡಕ್ಕೂ ಸ್ಕ್ರೀನ್‌ಶಾಟ್ ಇಟ್ಟುಕೊಂಡೆ.

ಆಗಸ್ಟ್ 12ಕ್ಕೆ ಕಂಪನಿಯ ಮೇಲ್ ಬಂತು. ಸೆಪ್ಟೆಂಬರ್ 10ಕ್ಕೆ ಸೇವೆ ನಿಲ್ಲುತ್ತದೆ, ಇಷ್ಟು ವರ್ಷ ಜೊತೆಗಿದ್ದಿದ್ದಕ್ಕೆ ಧನ್ಯವಾದ, ಅಷ್ಟೇ. ಬಳಸದೆ ಉಳಿದ ತಿಂಗಳುಗಳ ಹಣದ ಬಗ್ಗೆ ಒಂದು ಸಾಲೂ ಇಲ್ಲ. ಮಗಳಿಗೆ ಓದಿ ಹೇಳಿದೆ. ಅವಳು ದುಡ್ಡಿನ ಬಗ್ಗೆ ಕೇಳಲಿಲ್ಲ. "ಅಮ್ಮ, ಟೀಚರ್ ಹೇಳಿದ್ದೆಲ್ಲ ಹೋಗುತ್ತಾ?" ಅಂದಳು.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವಳು ವಾರ ವಾರ ಹಾಡಿ ಕಳಿಸುತ್ತಿದ್ದಳು. ಟೀಚರ್ ಕೇಳಿ ತಮ್ಮ ಧ್ವನಿಯಲ್ಲೇ ತಿದ್ದಿ ಕಳಿಸುತ್ತಿದ್ದರು. "ಇಲ್ಲಿ ಗಾಂಧಾರ ಸ್ವಲ್ಪ ಇಳೀತಿದೆ ಪುಟ್ಟಿ, ಇನ್ನೊಂದು ಸಲ ಕೇಳು" ಅಂತ ತಾವೇ ಹಾಡಿ ತೋರಿಸಿದ್ದು. ಎರಡು ವರ್ಷದ್ದು ಸೇರಿ ತೊಂಬತ್ತಕ್ಕೂ ಜಾಸ್ತಿ ಇದ್ದವು. ಎಲ್ಲವೂ ಆ್ಯಪ್ ಒಳಗೆ.

ಅದರಲ್ಲಿ ಡೌನ್‌ಲೋಡ್ ಗುಂಡಿ ಇತ್ತು. ಒತ್ತಿದೆ, ಎಲ್ಲದಕ್ಕೂ ಟಿಕ್ ಬಿತ್ತು. ಉಳಿಯಿತು ಅಂದುಕೊಂಡೆ. ಆಮೇಲೆ ಫೋನಿನ ಫೈಲುಗಳಲ್ಲಿ ಹುಡುಕಿದರೆ ಒಂದೂ ಇಲ್ಲ. ಇಂಥ ಆ್ಯಪ್‌ಗಳು ಡೌನ್‌ಲೋಡ್ ಮಾಡಿದ್ದನ್ನು ತಮ್ಮದೇ ಜಾಗದಲ್ಲಿ, ಬೇರೆ ಪ್ಲೇಯರ್ ಓದಲಾಗದಂತೆ ಇಟ್ಟುಕೊಳ್ಳುತ್ತವೆ. ಆ್ಯಪ್ ತೆರೆಯದಿದ್ದರೆ ಅವೂ ತೆರೆಯುವುದಿಲ್ಲ. ಡೌನ್‌ಲೋಡ್ ಅನ್ನುವ ಪದ ನಂಬಿ ಸುಮ್ಮನಿರಬೇಡಿ. ಆ ಫೈಲನ್ನು ವಾಟ್ಸ್ಯಾಪ್‌ನಲ್ಲಿ ಇನ್ನೊಬ್ಬರಿಗೆ ಕಳಿಸಲು ಆಗುತ್ತದಾ ನೋಡಿ. ಆದರೆ ಮಾತ್ರ ಅದು ನಿಮ್ಮ ಕೈಯಲ್ಲಿದೆ.

ಅವರ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ಹುಡುಕಿದಾಗ ಖಾತೆಯ ಪುಟದ ಕೊನೆಯಲ್ಲಿ ನಮ್ಮ ಮಾಹಿತಿ ಕೇಳಿ ಪಡೆಯುವ ಗುಂಡಿ ಸಿಕ್ಕಿತು. ಒತ್ತಿದ ಆರು ದಿನಕ್ಕೆ ಮೇಲ್‌ನಲ್ಲಿ ಲಿಂಕ್ ಬಂತು. ಅದಕ್ಕೆ ಏಳೇ ದಿನದ ಆಯಸ್ಸು. ಜಿಪ್ ಫೈಲ್ ಬಿಚ್ಚಿದರೆ ಮಗಳ ಹಾಡುಗಳು ಮಾತ್ರ ಇದ್ದವು, ಟೀಚರ್ ಧ್ವನಿ ಇರಲಿಲ್ಲ. ಕಂಪನಿಯ ಲೆಕ್ಕದಲ್ಲಿ ಅದು ನಮ್ಮದಲ್ಲವಂತೆ. ಹಾಗಾಗಿ ಮೂರು ಭಾನುವಾರ ಕೂತೆವು. ಒಂದು ಫೋನಿನಲ್ಲಿ ಟೀಚರ್ ಮಾತು ಹಾಕುವುದು, ಪಕ್ಕದಲ್ಲಿ ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡುವುದು. ಫ್ಯಾನ್ ನಿಲ್ಲಿಸಿ, ಕಿಟಕಿ ಹಾಕಿ. ಒಂದೊಂದಕ್ಕೂ ರಾಗದ ಹೆಸರು, ತಾರೀಕು ಹಾಕಿದ್ದು ಮಗಳೇ.

ಇದರ ನಡುವೆ ವರ್ಷದ ಪ್ಲಾನಿನ ಹಣ. ಫೆಬ್ರವರಿ 10ರಿಂದ ಮುಂದಿನ ಫೆಬ್ರವರಿ 9ರವರೆಗೆ ಕಟ್ಟಿದ್ದೆ. ಸೇವೆ ನಿಲ್ಲುವುದು ಸೆಪ್ಟೆಂಬರ್ 10ಕ್ಕೆ. ತಿಂಗಳಿಗೆ 200ರಂತೆ ಐದು ತಿಂಗಳು, 1,000 ರೂಪಾಯಿ. ಮೊದಲು ಗೂಗಲ್‌ಗೇ ಕೇಳಿದೆ. ಆರ್ಡರ್ ನಂಬರ್ ಕೇಳಿದರು. ನನ್ನ ಹತ್ತಿರ ಇದ್ದ ರಸೀದಿಯ ನಂಬರ್ ಶುರುವಾಗುವುದು pay_ ಅಂತ. ಪ್ಲೇಯ ಆರ್ಡರ್ ನಂಬರ್‌ಗಳು GPA. ಅಂತ ಶುರುವಾಗುತ್ತವೆ. ನನ್ನ ದುಡ್ಡು ಗೂಗಲ್ ಕೈಗೆ ಹೋಗಿಯೇ ಇರಲಿಲ್ಲ, ಅವರು ಹೇಗೆ ಕೊಡುತ್ತಾರೆ? ಆನ್‌ಲೈನ್ ಹಣ ಪಾವತಿಯ ಕಂಪನಿಯ ಮೂಲಕ ನೇರ ಆ್ಯಪ್‌ನವರಿಗೆ ಹೋಗಿತ್ತು. ನಿಮ್ಮ ರಸೀದಿ ಹುಡುಕಿ ಮೊದಲು ಈ ನಂಬರ್ ನೋಡಿ. ಯಾರ ಬಾಗಿಲು ತಟ್ಟಬೇಕು ಅಂತ ಅದೇ ಹೇಳುತ್ತದೆ.

ಆಗಸ್ಟ್ 13ಕ್ಕೆ ಕಂಪನಿಯಲ್ಲಿ ದೂರು ನೋಡಿಕೊಳ್ಳುವ ಗ್ರಿವೆನ್ಸ್ ಆಫೀಸರ್‌ಗೆ ಮೇಲ್ ಮಾಡಿದೆ. ಅವರ ವಿಳಾಸ ವೆಬ್‌ಸೈಟಿನ ಅಡಿಯಲ್ಲಿ ಇತ್ತು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದೆ ಅಂತ 48 ಗಂಟೆಯಲ್ಲಿ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ನನಗೆ ಯಂತ್ರ ಕಳಿಸುವ ಒಂದು ಉತ್ತರ ಬಂತು, ಆಮೇಲೆ ಏನೂ ಇಲ್ಲ. ಆದರೂ ಆ ಮೇಲ್ ಮುಂದೆ ತುಂಬಾ ಕೆಲಸಕ್ಕೆ ಬಂತು. ಸೇವೆ ಇನ್ನೂ ನಡೆಯುತ್ತಿದ್ದಾಗಲೇ ಲೆಕ್ಕ ಹಾಕಿ ಹಣ ಕೇಳಿದ್ದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಅದೇ ವಾರ ಅವರ ಸೈಟಿನಿಂದ ಐದು ವಸ್ತು ತೆಗೆದಿಟ್ಟೆ. ಪ್ಲಾನಿನ ಬೆಲೆ ಮತ್ತು ಅವಧಿ ಇರುವ ಪುಟ, ಷರತ್ತುಗಳ ಪುಟ, ಜಿಎಸ್‌ಟಿ ನಂಬರ್ ಇರುವ ನನ್ನ ಇನ್‌ವಾಯ್ಸ್, ನನ್ನ ಪ್ಲಾನ್ ಯಾವತ್ತಿನವರೆಗೆ ಅಂತ ತೋರಿಸುವ ಪುಟ, ಮುಚ್ಚುವ ಪ್ರಕಟಣೆ. ಎಲ್ಲವನ್ನೂ ಪಿಡಿಎಫ್ ಮಾಡಿದೆ. ಸೆಪ್ಟೆಂಬರ್ 11ಕ್ಕೆ ನೋಡಿದರೆ ಸೈಟೇ ತೆರೆಯಲಿಲ್ಲ. ಅವತ್ತು ತೆಗೆದಿಡದಿದ್ದರೆ ನನ್ನ ಕೈಯಲ್ಲಿ ಕಾರ್ಡಿನ ಒಂದು ಸಾಲು ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ಸೆಪ್ಟೆಂಬರ್ 20ಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ದೂರಿಗೆ ಒಂದು ನಂಬರ್ ಕೊಟ್ಟರು, ಖರ್ಚಿಲ್ಲ. ಅವರು ಕಂಪನಿಗೆ ದೂರು ದಾಟಿಸುತ್ತಾರೆ, ಹಣ ಕೊಡಿ ಅಂತ ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಅದಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬೇಕು. ಐದು ಲಕ್ಷದವರೆಗಿನ ವಿಷಯಕ್ಕೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದ ಅವಕಾಶ ಇದೆ. ನಾನು ಅದನ್ನು ಕೊನೆಗೆ ಅಂತ ಇಟ್ಟುಕೊಂಡೆ. ಎರಡು ವಾರ ಕಾದರೂ ಕಂಪನಿಯ ಕಡೆಯಿಂದ ಉತ್ತರ ಬರಲಿಲ್ಲ.

ಅಷ್ಟರಲ್ಲಿ ಆಫೀಸಿನ ಹಿರಿಯರೊಬ್ಬರು ಕೇಳಿದರು, "ಕಾರ್ಡಲ್ಲಿ ಕಟ್ಟಿದ್ದಲ್ವಾ? ಚಾರ್ಜ್‌ಬ್ಯಾಕ್ ಹಾಕಿದ್ರಾ?" ಆ ಪದವೇ ನನಗೆ ಹೊಸದು. ಕಾರ್ಡಿನಲ್ಲಿ ಹಣ ಕಟ್ಟಿ ಅದರ ಸೇವೆ ಸಿಗದಿದ್ದರೆ, ನಮ್ಮ ಬ್ಯಾಂಕು ಕಾರ್ಡ್ ಜಾಲದ ಮೂಲಕ ಅಂಗಡಿಯವನ ಬ್ಯಾಂಕಿನಿಂದ ಹಣ ವಾಪಸ್ ಕೇಳುತ್ತದೆ. ಅಂಗಡಿಯವನು ಪುರಾವೆ ಕೊಟ್ಟು ತಕರಾರು ಮಾಡಬೇಕು. ಮಾಡದಿದ್ದರೆ ಹಣ ನಮಗೆ.

ಅಕ್ಟೋಬರ್ 6ಕ್ಕೆ ಬ್ಯಾಂಕಿಗೆ ಹೋದೆ. ಕೌಂಟರಿನವರು ಸ್ಟೇಟ್‌ಮೆಂಟ್ ನೋಡಿ ತಲೆಯಾಡಿಸಿದರು. "ಮೇಡಂ, ಫೆಬ್ರವರಿದು ಇದು. ಚಾರ್ಜ್‌ಬ್ಯಾಕ್ ಕೇಳೋಕೆ ಇರೋ 120 ದಿನ ಯಾವಾಗಲೋ ಮುಗೀತು." ಎದ್ದು ಬರುವವಳಿದ್ದೆ. ಆದರೆ ಹಿಂದಿನ ರಾತ್ರಿ ಇದನ್ನೇ ಓದಿಕೊಂಡು ಹೋಗಿದ್ದೆ. ನನ್ನದು ವೀಸಾ ಕಾರ್ಡ್. ಮುಂದೆ ಸಿಗಬೇಕಿದ್ದ ಸೇವೆ ಸಿಗದಿದ್ದಾಗ ಆ 120 ದಿನವನ್ನು ಹಣ ಕಟ್ಟಿದ ದಿನದಿಂದ ಎಣಿಸುವುದಿಲ್ಲ. ಸೇವೆ ಸಿಗಬೇಕಾಗಿದ್ದ ದಿನದಿಂದ, ಅಥವಾ ಸಿಗುವುದಿಲ್ಲ ಅಂತ ಗೊತ್ತಾದ ದಿನದಿಂದ ಎಣಿಸುತ್ತಾರೆ. ಕಟ್ಟಿದ ದಿನದಿಂದ 540 ದಿನ ದಾಟಿರಬಾರದು, ಅಷ್ಟೇ. ಮುಚ್ಚುವ ಮೇಲ್ ಮುಂದಿಟ್ಟು, "ಸರ್, ಇದು ನಿಂತಿದ್ದು ಸೆಪ್ಟೆಂಬರ್ 10ಕ್ಕೆ. ಇನ್ನೂ ಒಂದು ತಿಂಗಳೂ ಆಗಿಲ್ಲ. ಅರ್ಜಿ ತಗೊಳ್ಳಿ, ಕಾರ್ಡ್ ವಿಭಾಗದವರು ಬೇಡ ಅಂದರೆ ಬರವಣಿಗೆಯಲ್ಲಿ ಕೊಡಿ" ಅಂದೆ. ಧ್ವನಿ ನಡುಗುತ್ತಿತ್ತು. ಅವರು ಒಳಗೆ ಹೋಗಿ ಕೇಳಿಕೊಂಡು ಬಂದು ಅರ್ಜಿ ಕೊಟ್ಟರು.

ಅರ್ಜಿಯಲ್ಲಿ ಕಾರಣ ಬರೆಯುವಾಗ ಎಚ್ಚರ ಬೇಕು. ಮೋಸ ಆಗಿದೆ ಅಥವಾ ನಾನು ಮಾಡದ ವ್ಯವಹಾರ ಅಂತ ಬರೆಯಬಾರದು. ಒಟಿಪಿ ಹಾಕಿ ಕಟ್ಟಿದ್ದು ನಾನೇ, ಆ ಕಾರಣ ನಿಲ್ಲುವುದಿಲ್ಲ. ಸೇವೆ ಒದಗಿಸಿಲ್ಲ ಅಂತ ಬರೆದೆ. ಪೂರ್ತಿ 2,400 ಕೇಳಲಿಲ್ಲ. ಏಳು ತಿಂಗಳು ಕ್ಲಾಸು ನಡೆದಿತ್ತು, ಒಂದೆರಡು ತಪ್ಪಿದ್ದವು ಅಷ್ಟೇ. ಉಳಿದ ಐದು ತಿಂಗಳ 1,000 ಮಾತ್ರ ಕೇಳಿ, ಲೆಕ್ಕವನ್ನು ಎರಡು ಸಾಲಿನಲ್ಲಿ ತೋರಿಸಿದೆ. ಪಿಡಿಎಫ್‌ಗಳ ಪ್ರಿಂಟ್, ಆಗಸ್ಟ್ 13ರ ಮೇಲ್, 1915ರ ದೂರಿನ ನಂಬರ್ ಜೊತೆಗಿಟ್ಟೆ. ಜೆರಾಕ್ಸಿಗೆ 36 ರೂಪಾಯಿ, ಅರ್ಧ ದಿನ ರಜೆ.

ಆಮೇಲೆ ಬರೀ ಕಾಯುವುದು. ಹತ್ತು ದಿನಕ್ಕೊಮ್ಮೆ ಫೋನ್ ಮಾಡಿದರೆ ಪ್ರಕ್ರಿಯೆಯಲ್ಲಿದೆ ಅನ್ನುತ್ತಿದ್ದರು. ಒಮ್ಮೆ ಇನ್‌ವಾಯ್ಸ್ ಸ್ಪಷ್ಟವಾಗಿಲ್ಲ ಅಂತ ಮತ್ತೆ ಕೇಳಿದರು. ಒಂದು ಸಾವಿರಕ್ಕೆ ಇಷ್ಟೆಲ್ಲ ಯಾಕೆ ಅಂತ ಮನೆಯವರು ಕೇಳಿದರು. ನನಗೆ ಉತ್ತರ ಕೊಡಲು ಆಗಲಿಲ್ಲ, ಆದರೆ ಬಿಡಲೂ ಮನಸ್ಸಾಗಲಿಲ್ಲ. 53 ದಿನ ಆದ ಮೇಲೆ, ನವೆಂಬರ್ 28ಕ್ಕೆ ಹಣ ಬಂತು.

ಬಾರದೇ ಉಳಿದಿದ್ದು ಜೂನಿನ 149 ಮತ್ತು ತಂಬೂರದ 349. ತಂಬೂರಕ್ಕೆ ಹಣ ವಾಪಸ್ ಕೇಳುವ ದಾರಿಯೇ ನನಗೆ ಸಿಗಲಿಲ್ಲ. ಎರಡು ವರ್ಷ ಬಳಸಿದ್ದೇವೆ, ಇಷ್ಟು ದಿನ ಅಂತ ಅವಧಿಯೂ ಬರೆದಿರಲಿಲ್ಲ. ಗೂಗಲ್ ತನ್ನ ಸ್ಟೇಡಿಯಾ ಗೇಮ್ ಸೇವೆಯನ್ನು 2023ರ ಜನವರಿ 18ಕ್ಕೆ ಮುಚ್ಚಿದಾಗ ಜನ ಅಲ್ಲಿ ಕೊಂಡಿದ್ದ ಗೇಮ್‌ಗಳ ಹಣ ವಾಪಸ್ ಕೊಟ್ಟಿತ್ತು. ಅದು ಆ ಕಂಪನಿ ತಾನಾಗಿ ಮಾಡಿದ್ದು. ನಮ್ಮಂಥ ಚಿಕ್ಕ ಆ್ಯಪ್‌ನವರ ಹತ್ತಿರ ಅಷ್ಟು ಹಣ ಉಳಿದಿತ್ತೋ ಇಲ್ಲವೋ.

ಆದರೆ ತಂಬೂರವನ್ನು ಉಳಿಸಿಕೊಳ್ಳಲು ನೋಡಿದೆವು. ಸೇವೆ ನಿಲ್ಲುವ ಮೊದಲು ಎರಡೂ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಆ್ಯಪ್ ಪೂರ್ತಿ ಮುಚ್ಚಿ ಮತ್ತೆ ತೆರೆದೆವು. ನೆಟ್ ಇಲ್ಲದೆಯೂ ತಂಬೂರ ನುಡಿಯಿತು. ಅಂದರೆ ಧ್ವನಿ ಫೋನಿನಲ್ಲೇ ಇದೆ, ಅವರ ಸರ್ವರಿನಲ್ಲಿಲ್ಲ. ಪಾಠದ ವಿಡಿಯೋ ಮಾತ್ರ ತೆರೆಯಲಿಲ್ಲ. ಸೆಪ್ಟೆಂಬರ್ 14ಕ್ಕೆ ಹೊಸ ಫೋನಿನಲ್ಲಿ ನೆಟ್ ಇದ್ದಾಗ ಆ್ಯಪ್ ತೆರೆದೆ. ಅದು ಮತ್ತೆ ಲಾಗಿನ್ ಕೇಳಿತು. ಲಾಗಿನ್ ಒಪ್ಪುವ ಸರ್ವರ್ ಆಗಲೇ ನಿಂತಿತ್ತು. ಅಲ್ಲಿಗೆ ಆ ಫೋನಿನಲ್ಲಿ ಅದು ಮುಗಿಯಿತು. ಅದನ್ನು ನೋಡಿ ಹಳೇ ಫೋನಿಗೆ ಏರೋಪ್ಲೇನ್ ಮೋಡ್ ಹಾಕಿದವಳು ಇವತ್ತಿನವರೆಗೆ ತೆಗೆದಿಲ್ಲ. ಸಿಮ್ ತೆಗೆದಿದ್ದೇನೆ, ವೈಫೈ ಪಾಸ್‌ವರ್ಡ್ ಅಳಿಸಿದ್ದೇನೆ, ಯಾರೂ ಲಾಗೌಟ್ ಮಾಡಬಾರದು ಅಂತ ಹಿಂದೆ ಚೀಟಿ ಅಂಟಿಸಿದ್ದೇನೆ. ಬ್ಯಾಟರಿ ಎರಡು ಗಂಟೆಗೂ ಬರುವುದಿಲ್ಲ. ಅದಕ್ಕೇ ಚಾರ್ಜರ್ ಪಕ್ಕದಲ್ಲೇ ಇಟ್ಟಿರುತ್ತೇವೆ. ಬೆಳಿಗ್ಗೆ ಆರಕ್ಕೆ ಮಗಳು ಅದನ್ನು ಐದೂವರೆ ಮನೆ ಶ್ರುತಿಗೆ ಹಾಕಿ ಕೂರುತ್ತಾಳೆ.